‘ಇನ್ನೂ ಜೋರಾಗಿ’ ಅನ್ನುವ ಮೊದಲು

ಬೋಧನಾಭ್ಯಾಸಕ್ಕೆ ಹೋದ ಎರಡನೇ ವಾರದ ಶನಿವಾರ. ಟಿ.ಬಿ. ಡ್ಯಾಂನ ಒಂದು ಪ್ರೌಢಶಾಲೆ, ಒಂಬತ್ತನೇ ತರಗತಿ. ಶನಿವಾರ ಬೆಳಗಿನ ಶಾಲೆ ಆದ್ದರಿಂದ ಎಂಟಕ್ಕೆಲ್ಲ ಪ್ರಾರ್ಥನೆ ಮುಗಿದಿತ್ತು, ಮೊದಲ ಅವಧಿ ನನ್ನದು. ಪಾಠ ‘ಜಡತ್ವ’. ಕೈಯಲ್ಲಿ ಗಾಜಿನ ಲೋಟ, ಅದರ ಮೇಲಿಡಲು ರಟ್ಟಿನ ಚೂರು, ಐದು ರೂಪಾಯಿ ನಾಣ್ಯ. ಹಿಂದಿನ ಬೆಂಚಿನಲ್ಲಿ ವೀಕ್ಷಣಾ ಪುಸ್ತಕ ಹಿಡಿದು ನಮ್ಮ ವೀಕ್ಷಕರು.

ಒಳಗೆ ಕಾಲಿಡುತ್ತಲೇ ‘ಗುಡ್ ಮಾರ್ನಿಂಗ್ ಮಕ್ಕಳೇ!’ ಎಂದೆ. ಮಕ್ಕಳು ಎದ್ದು ನಿಂತು, ನಮಗೆಲ್ಲ ಗೊತ್ತಿರುವ ಆ ಎಳೆದ ರಾಗದಲ್ಲಿ ಉತ್ತರ ಕೊಟ್ಟರು. ನನಗೆ ಸಾಲಲಿಲ್ಲ. ‘ಏನಿದು, ತಿಂಡಿ ತಿಂದಿಲ್ವಾ? ಇನ್ನೂ ಜೋರಾಗಿ!’ ಎಂದೆ. ಎರಡನೇ ಸಲ ಕಿಟಕಿ ಅದುರುವಂತೆ ಕೂಗಿದರು. ಕಿಟಕಿ ಪಕ್ಕದ ಮೂರನೇ ಬೆಂಚಿನ ಹುಡುಗಿಯೊಬ್ಬಳ ತುಟಿ ಮಾತ್ರ ಅಲುಗಲಿಲ್ಲ. ನಾನು ನಗುತ್ತಲೇ ಅವಳ ಹತ್ತಿರ ಹೋಗಿ, ‘ನೀನೊಬ್ಬಳೇ ಹೇಳಮ್ಮ, ನಕ್ಕೊಂಡು’ ಎಂದೆ. ಅವಳು ತಲೆ ಎತ್ತದೆ, ‘ಒಂದ್ಸಲ ಹೇಳಿದ್ನಲ್ರೀ ಟೀಚರ್’ ಎಂದಳು. ತರಗತಿ ನಕ್ಕಿತು. ಅವಳ ಕಣ್ಣು ತುಂಬಿತು. ಆ ಅವಧಿ ಮುಗಿಯುವವರೆಗೆ ಅವಳು ನನ್ನ ಕಡೆ ನೋಡಲಿಲ್ಲ. ನಾಣ್ಯ ಲೋಟದೊಳಗೆ ಬಿದ್ದದ್ದನ್ನೂ ನೋಡಲಿಲ್ಲ.

ವೀಕ್ಷಣಾ ಪುಸ್ತಕದಲ್ಲಿ ‘ಉತ್ಸಾಹಭರಿತ ಆರಂಭ’ ಎಂದು ಬರೆದಿತ್ತು.

ನಾನು ಬೆಳಿಗ್ಗೆ ಐದಕ್ಕೆ ತಾನಾಗಿ ಎಚ್ಚರವಾಗುವವಳು. ಎದ್ದ ಕೂಡಲೇ ಮಾತು ಬೇಕು. ಹಾಸ್ಟೆಲಿನ ನನ್ನ ಕೋಣೆಯ ಗೆಳತಿ ಇದಕ್ಕೆ ಪೂರಾ ವಿರುದ್ಧ. ‘ಚಾ ಆಗೋತನಕ ನನ್ನ ಮಾತಾಡಿಸಬ್ಯಾಡ ಮಾರಾಯ್ತಿ’ ಎಂದು ಮೊದಲ ವಾರವೇ ಹೇಳಿದ್ದಳು. ಅವಳದು ಸಿಡುಕು ಸ್ವಭಾವ ಎಂದುಕೊಂಡಿದ್ದೆ. ಆ ಶನಿವಾರದ ನಂತರ ಅವಳನ್ನು ಕೂರಿಸಿಕೊಂಡು, ಏನು ಕಿರಿಕಿರಿ ಆಗುತ್ತದೆ ಎಂದು ಸರಿಯಾಗಿ ಕೇಳಿದೆ. ‘ನೀನು ಮಾತಾಡಿಸೋದಲ್ಲ ಕಷ್ಟ. ನಿನ್ನಷ್ಟೇ ಖುಷಿ ನಾನೂ ತೋರಿಸಬೇಕಲ್ಲ, ಅದು’ ಎಂದಳು. ಇದನ್ನು ಇಷ್ಟು ಸ್ಪಷ್ಟವಾಗಿ ನನಗೆ ಯಾವ ಪುಸ್ತಕವೂ ಹೇಳಿರಲಿಲ್ಲ.

ಒಂದು ವಂದನೆಯೊಳಗೆ ಮೂರು ಬೇಡಿಕೆಗಳಿರುತ್ತವೆ. ಕೇಳಿಸಿಕೋ, ಉತ್ತರ ಕೊಡು, ನನ್ನ ಹುರುಪಿಗೆ ನಿನ್ನ ಹುರುಪನ್ನು ಸರಿದೂಗಿಸು. ಮೊದಲೆರಡನ್ನು ಅರೆನಿದ್ದೆಯವರೂ ಪೂರೈಸಬಲ್ಲರು. ಸಿಟ್ಟು ಬರುವುದು ಮೂರನೆಯದಕ್ಕೆ. ಒಳಗೆ ಇಲ್ಲದ ಉಲ್ಲಾಸವನ್ನು ಮುಖದ ಮೇಲೆ ತರುವುದು ಒಂದು ಕೆಲಸವೇ. ವಿಮಾನದ ಸಿಬ್ಬಂದಿ ದಿನವಿಡೀ ನಗುತ್ತಿರಬೇಕಾದ ಪಾಡನ್ನು ಅಧ್ಯಯನ ಮಾಡಿದ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1983ರ ತಮ್ಮ ಪುಸ್ತಕದಲ್ಲಿ ಇದನ್ನು ಭಾವನೆಯ ದುಡಿಮೆ ಎಂದೇ ಕರೆದರು. ಅವರಿಗಾದರೂ ಅದಕ್ಕೆ ಸಂಬಳವಿತ್ತು.

ನಮ್ಮ ಮನೆಗಳ ರೂಢಿ ಹೀಗಿರಲಿಲ್ಲ ಎಂಬುದು ಆಮೇಲೆ ಹೊಳೆಯಿತು. ನಮ್ಮಜ್ಜಿ ಬೆಳಿಗ್ಗೆ ಯಾರಿಗೂ ‘ಶುಭೋದಯ’ ಎಂದದ್ದನ್ನು ನಾನು ಕೇಳಿಲ್ಲ. ‘ಎದ್ದೆವಾ?’ ಎನ್ನುತ್ತಾಳೆ, ಸ್ವಲ್ಪ ಹೊತ್ತಿಗೆ ‘ಚಾ ಆತೇನು?’ ಎನ್ನುತ್ತಾಳೆ. ಎದ್ದಿರುವುದು ಅವಳ ಕಣ್ಣೆದುರೇ ಇದೆ, ಚಾ ಕೊಟ್ಟವಳೂ ಅವಳೇ. ಮಾಹಿತಿಗಾಗಿ ಕೇಳುವ ಪ್ರಶ್ನೆಗಳಲ್ಲ ಇವು. ‘ನೀನಿದ್ದೀಯ, ನಾನು ನೋಡಿದೆ’ ಎಂದು ತಿಳಿಸುವ ಮಾತುಗಳು. ಇದಕ್ಕೆ ‘ಹ್ಞೂಂ’ ಎಂದರೆ ಮುಗಿಯಿತು. ನಗಬೇಕಿಲ್ಲ, ದನಿ ಏರಿಸಬೇಕಿಲ್ಲ. ‘ಗುಡ್ ಮಾರ್ನಿಂಗ್’ ತಾನಾಗಿ ಕೆಟ್ಟದ್ದೇನಲ್ಲ. ಆದರೆ ಶಾಲೆಯಲ್ಲಿ ಅದಕ್ಕೆ ‘ಹ್ಞೂಂ’ ಎನ್ನುವ ದಾರಿಯನ್ನು ನಾವು ಮುಚ್ಚಿದ್ದೇವೆ.

ಇನ್ನು ದೇಹದ ಕಡೆಗೆ ಬರುತ್ತೇನೆ. ಅಂದು ನಾನು ಕಲಿಸಲು ಹೋಗಿದ್ದ ಪದವೇ ಇಲ್ಲಿಯೂ ಬೇಕು. ನಿದ್ದೆಯಿಂದ ಎದ್ದ ಮೇಲೂ ಮೆದುಳು ಸ್ವಲ್ಪ ಹೊತ್ತು ನಿದ್ದೆಯ ಸ್ಥಿತಿಯಲ್ಲೇ ಮುಂದುವರಿಯುವುದಕ್ಕೆ ವಿಜ್ಞಾನದಲ್ಲಿ ನಿದ್ರಾ ಜಡತ್ವ ಎನ್ನುತ್ತಾರೆ. ಎಚ್ಚರವಾದಾಗ ಮೆದುಳಿನ ಎಲ್ಲ ಭಾಗಗಳೂ ಒಟ್ಟಿಗೆ ಏಳುವುದಿಲ್ಲ. ಉಸಿರು, ಎಚ್ಚರದಂಥವನ್ನು ನೋಡಿಕೊಳ್ಳುವ ಮೆದುಳಿನ ಕಾಂಡದ ಭಾಗ ಬೇಗ ಚುರುಕಾಗುತ್ತದೆ. ಯೋಚಿಸುವ, ಸಿಟ್ಟನ್ನು ತಡೆದುಕೊಳ್ಳುವ, ಮಾತನ್ನು ತೂಗಿ ಆಡುವ ಮುಂಭಾಗ ನಿಧಾನವಾಗಿ ಹಿಂಬಾಲಿಸುತ್ತದೆ. ಅಂದರೆ ವ್ಯಕ್ತಿ ನಡೆಯುತ್ತಿರುತ್ತಾನೆ, ಹಲ್ಲುಜ್ಜುತ್ತಿರುತ್ತಾನೆ, ಆದರೆ ಸಭ್ಯವಾಗಿ ಉತ್ತರಿಸಬೇಕಾದ ಭಾಗ ಇನ್ನೂ ಪೂರ್ತಿ ಎದ್ದಿರುವುದಿಲ್ಲ. ಸಾಮಾನ್ಯವಾಗಿ ಇದು 15ರಿಂದ 30 ನಿಮಿಷದಲ್ಲಿ ಬಹುಪಾಲು ಇಳಿಯುತ್ತದೆ. ನಿದ್ದೆ ಸಾಲದಿದ್ದರೆ, ಇಲ್ಲವೇ ಗಾಢ ನಿದ್ದೆಯ ನಡುವೆ ಎಬ್ಬಿಸಿದರೆ, ಒಂದು ಗಂಟೆಯನ್ನೂ ಮೀರಬಹುದು.

ಹದಿಹರೆಯದವರಿಗೆ ಇದರ ಜೊತೆ ಇನ್ನೊಂದು ತೊಡಕಿದೆ. ಕತ್ತಲಾದ ಮೇಲೆ ನಿದ್ದೆಗೆ ಸಿದ್ಧಪಡಿಸುವ ಮೆಲಟೋನಿನ್ ಹಾರ್ಮೋನು ಅವರಲ್ಲಿ ಚಿಕ್ಕ ಮಕ್ಕಳಿಗಿಂತ ತಡವಾಗಿ ಏರುತ್ತದೆ, ಬೆಳಿಗ್ಗೆ ತಡವಾಗಿ ಇಳಿಯುತ್ತದೆ. ಈ ವ್ಯತ್ಯಾಸ ಎರಡು ಗಂಟೆಯವರೆಗೂ ಇರಬಹುದು. ‘ರಾತ್ರಿ ಮೊಬೈಲ್ ನೋಡ್ತಾರೆ, ಅದಕ್ಕೆ’ ಎನ್ನುವುದು ಅರ್ಧ ಸತ್ಯ. ಮೊಬೈಲ್ ಇಲ್ಲದ ಮನೆಯ ಹದಿನಾಲ್ಕರ ಮಗುವಿಗೂ ಒಂಬತ್ತಕ್ಕೆ ನಿದ್ದೆ ಬರುವುದು ಕಷ್ಟ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2014ರಲ್ಲಿ ಈ ವಯಸ್ಸಿನವರ ಶಾಲೆ ಬೆಳಿಗ್ಗೆ 8.30ಕ್ಕಿಂತ ಮೊದಲು ಶುರುವಾಗಬಾರದು ಎಂದದ್ದು ಇದೇ ಕಾರಣಕ್ಕೆ. ನಮ್ಮ ಶನಿವಾರ ಅದಕ್ಕಿಂತ ಮುಂಚೆಯೇ ಶುರುವಾಗುತ್ತದೆ. ವೇಳಾಪಟ್ಟಿ ಬದಲಿಸುವುದು ಪ್ರಶಿಕ್ಷಣಾರ್ಥಿಯ ಕೈಯಲ್ಲಿಲ್ಲ. ಮೊದಲ ಹತ್ತು ನಿಮಿಷ ಇದೆ.

ಆ ಹುಡುಗಿಯ ಲೆಕ್ಕ ನನಗೆ ತಿಳಿದದ್ದು ಮುಂದಿನ ವಾರ, ಅದೂ ತರಗತಿಯ ಟೀಚರ್ ಬಾಯಿಂದ. ಊರಾಚೆಯಿಂದ ಎರಡು ಬಸ್ ಹಿಡಿದು ಬರುವವಳು. ತಾಯಿಯದು ಬೆಳಗಿನ ಇಡ್ಲಿ ವ್ಯಾಪಾರ. ಎಲ್ಲ ದಿನವೂ ಐದಕ್ಕೆ ಎದ್ದು ಕೈಗೂಡಿಸುತ್ತಾಳೆ, ಶನಿವಾರ ಶಾಲೆ ಬೇಗ ಎಂದು ನಾಲ್ಕೂವರೆಗೆ ಏಳುತ್ತಾಳೆ. ಮಲಗುವಾಗ ಹತ್ತೂವರೆ ದಾಟಿರುತ್ತದೆ. ಅಂದರೆ ಶನಿವಾರದ ನಿದ್ದೆ ಹೆಚ್ಚೆಂದರೆ ಆರು ಗಂಟೆ. ಈ ವಯಸ್ಸಿಗೆ ಬೇಕಾದದ್ದು ಎಂಟರಿಂದ ಹತ್ತು. ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಮತ್ತೆ ನಿದ್ದೆ ಹೋಗುತ್ತಾಳೆ, ಡ್ಯಾಂ ಬಂದಾಗ ಯಾರಾದರೂ ಎಬ್ಬಿಸುತ್ತಾರೆ. ಹಾಗಾಗಿ ನಾಲ್ಕೂವರೆಗೆ ಎದ್ದವಳು ಎಂಟಕ್ಕೆ ಪೂರ್ತಿ ಎಚ್ಚರವಿರಬೇಕಲ್ಲ ಎಂಬ ಲೆಕ್ಕ ತಪ್ಪುತ್ತದೆ. ಅವಳು ಎರಡನೇ ಸಲ ಎದ್ದು ಅರ್ಧ ಗಂಟೆಯೂ ಆಗಿರಲಿಲ್ಲ. ಅಂಥವಳಿಗೆ ನಾನು ‘ನಕ್ಕೊಂಡು ಹೇಳು’ ಎಂದಿದ್ದೆ.

ಅವಳನ್ನು ಕರೆದು ಕ್ಷಮೆ ಕೇಳುವ ಮನಸ್ಸಾಗಿತ್ತು. ಅದೂ ಇನ್ನೊಂದು ಸಲ ಎಲ್ಲರೆದುರು ಅವಳನ್ನು ನಿಲ್ಲಿಸಿದಂತೆ ಎನಿಸಿ, ಪುಸ್ತಕ ತಿದ್ದಿ ಕೊಡುವಾಗ ಮೆಲ್ಲಗೆ ‘ಅವತ್ತು ನಾನು ಹಾಗೆ ಮಾಡಬಾರದಿತ್ತು’ ಎಂದೆ. ‘ಇರ್ಲಿ ಬಿಡ್ರಿ ಟೀಚರ್’ ಎಂದಳು.

ಮುಂದಿನ ಶನಿವಾರ ಪಾಠಯೋಜನೆಯ ಮೊದಲ ಸಾಲನ್ನು ಬದಲಿಸಿಕೊಂಡೆ. ಮಕ್ಕಳು ಪ್ರಾರ್ಥನೆ ಮುಗಿಸಿ ಬರುವ ಮೊದಲೇ ಕರಿಹಲಗೆಯ ಮೇಲೆ ಒಂದು ಪ್ರಶ್ನೆ ಬರೆದಿಟ್ಟೆ: ‘ಬಸ್ಸು ತಟ್ಟನೆ ನಿಂತಾಗ ನೀವು ಮುಂದಕ್ಕೆ ಬಾಗುವುದು ಏಕೆ? ಎರಡು ಸಾಲು ಬರೆಯಿರಿ.’ ಬಾಗಿಲ ಬದಿಗೆ ನಿಂತು, ಒಳಬರುವ ಒಬ್ಬೊಬ್ಬರ ಹೆಸರನ್ನು ಮಾತಾಡುವ ದನಿಯಲ್ಲಿ ಹೇಳಿದೆ, ಅಷ್ಟೇ. ಕೆಲವರು ‘ಗುಡ್ ಮಾರ್ನಿಂಗ್ ಟೀಚರ್’ ಎಂದು ಹಾರಿದರು, ಅವರಿಗೆ ನಾನೂ ಅದೇ ಹುರುಪಿನಲ್ಲಿ ಉತ್ತರಿಸಿದೆ. ಅವರ ಖುಷಿಯನ್ನು ಕುಗ್ಗಿಸುವುದೂ ಸರಿಯಲ್ಲವಲ್ಲ. ಕೆಲವರು ತಲೆ ಆಡಿಸಿದರು. ಅವಳು ಹುಬ್ಬು ತುಸು ಎತ್ತಿ ಒಳಗೆ ಹೋದಳು. ಉತ್ತರ ಬಂತು ಎಂದುಕೊಂಡೆ. ಬರೆಯಲು ಏಳೆಂಟು ನಿಮಿಷ ಕೊಟ್ಟು, ನಾನು ಬೆಂಚುಗಳ ನಡುವೆ ಸದ್ದಿಲ್ಲದೆ ಓಡಾಡಿದೆ. ಮೌಖಿಕ ಪ್ರಶ್ನೆಗಳನ್ನು ಆಮೇಲೆ ತೆಗೆದುಕೊಂಡೆ. ಅವಳು ಕೈ ಎತ್ತಲಿಲ್ಲ, ಆದರೆ ನೋಟ್‌ಬುಕ್ಕಿನಲ್ಲಿ ಎರಡರ ಬದಲು ನಾಲ್ಕು ಸಾಲಿತ್ತು. ಬಸ್ಸಿನ ವಿಷಯ ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಮೂರು ಮಾತುಗಳನ್ನು ಬಿಟ್ಟುಬಿಟ್ಟಿದ್ದೇನೆ: ‘ಇನ್ನೂ ಜೋರಾಗಿ’, ‘ಯಾಕೆ ಮುಖ ಸಪ್ಪಗಿದೆ?’, ‘ಸ್ವಲ್ಪ ನಗು ನೋಡೋಣ’. ನಡುವಿನದು ಕಾಳಜಿಯಂತೆ ಕೇಳಿಸುತ್ತದೆ, ಆದರೆ ಮೂವತ್ತೈದು ಜನರೆದುರು ಅದಕ್ಕೆ ನಿಜವಾದ ಉತ್ತರ ಕೊಡಲು ಯಾವ ಮಗುವಿಗೂ ಆಗುವುದಿಲ್ಲ.

ಆದರೆ ಎಲ್ಲ ಮೌನವನ್ನೂ ನಿದ್ದೆಯ ಲೆಕ್ಕಕ್ಕೆ ಹಾಕಿ ಸುಮ್ಮನಾಗುವುದು ಅಪಾಯ. ಬೆಳಗಿನ ಮಂಕು ಹೊತ್ತೇರಿದಂತೆ ಕರಗುತ್ತದೆ. ಎರಡನೇ ಅವಧಿಗೆ ಪಕ್ಕದವಳ ಜೊತೆ ಪಿಸುಗುಟ್ಟುವ, ವಿರಾಮದಲ್ಲಿ ಓಡುವ ಮಗುವನ್ನು ಅದರ ಪಾಡಿಗೆ ಬಿಡಬಹುದು. ಬಿಸಿಯೂಟದ ಹೊತ್ತಿಗೂ ಹಾಗೇ ಕೂತಿದ್ದರೆ, ಹಲವು ದಿನ ಹಾಗೇ ಇದ್ದರೆ, ಮೊದಲು ಮಾತಾಡುತ್ತಿದ್ದ ಮಗು ತಟ್ಟನೆ ಮಾತು ಬಿಟ್ಟರೆ, ಅದು ಹಸಿವು, ಜ್ವರ ಇಲ್ಲವೇ ಮನೆಯ ತೊಂದರೆ ಆಗಿರಬಹುದು. ಆಗ ಒಬ್ಬರನ್ನೇ ಕರೆದು ಕೇಳಬೇಕು, ತರಗತಿ ಟೀಚರ್‌ಗೆ ತಿಳಿಸಬೇಕು. ಬೆಳಿಗ್ಗೆ ಒತ್ತಾಯಿಸದೇ ಇದ್ದವರಿಗೆ ಮಧ್ಯಾಹ್ನ ನೋಡುವ ಕೆಲಸ ಉಳಿದಿರುತ್ತದೆ.

ಶಿಕ್ಷಕರ ಕೊಠಡಿಯಲ್ಲಿ ಒಬ್ಬ ಹಿರಿಯರು ಇದನ್ನು ಒಪ್ಪಲಿಲ್ಲ. ‘ವಂದನೆ ಸಂಸ್ಕಾರ ಕಣಮ್ಮ. ನಾಳೆ ಕೆಲಸಕ್ಕೆ ಹೋದಲ್ಲಿ ಇವರ ಮೂಡ್ ಯಾರು ನೋಡ್ತಾರೆ?’ ಎಂದರು. ವಂದನೆ ಇರಲಿ ಎಂದೇ ನಾನೂ ಹೇಳುವುದು. ಎದ್ದು ನಿಲ್ಲುವುದು, ತಲೆ ಬಾಗುವುದು, ಒಂದು ‘ನಮಸ್ಕಾರ’, ಇವಿಷ್ಟು ಸಂಸ್ಕಾರ. ಅದಕ್ಕೆ ದನಿಯ ಅಳತೆ ಇಟ್ಟದ್ದು ನಾವು, ಅದರಲ್ಲೂ ವೀಕ್ಷಕರು ಕೂತಿದ್ದಾಗ. ನಮ್ಮ ಕೂಗಾಟದಲ್ಲಿ ಮಕ್ಕಳ ಉತ್ಸಾಹಕ್ಕಿಂತ ನಮ್ಮ ಹೆದರಿಕೆಯೇ ಹೆಚ್ಚು. ತರಗತಿ ಸತ್ತಂತೆ ಕಂಡರೆ ಅಂಕ ಹೋಗುತ್ತದೆಂಬ ಹೆದರಿಕೆ. ಅಂದಹಾಗೆ, ಆ ಹಿರಿಯರು ಹತ್ತು ಗಂಟೆಯ ಚಹಾದ ಮೊದಲು ಯಾರ ಜೊತೆಯೂ ಹೆಚ್ಚು ಮಾತಾಡುವುದಿಲ್ಲ, ಇಡೀ ಕೊಠಡಿ ಅದನ್ನು ಗೌರವಿಸುತ್ತದೆ.

ಎರಡನೇ ಶನಿವಾರದ ಪಾಠಕ್ಕೆ ವೀಕ್ಷಣಾ ಪುಸ್ತಕದಲ್ಲಿ ‘ಆರಂಭದಲ್ಲಿ ಸಾಮೂಹಿಕ ವಂದನೆ ಇಲ್ಲ, ಗಮನಿಸಿ’ ಎಂಬ ಟಿಪ್ಪಣಿ ಬಂತು. ಕೆಳಗೆ ಸಹಿ ಹಾಕಿದೆ. ಪೀಠಿಕೆಯ ಅಂಕಣದಲ್ಲಿ ‘ಹೆಸರು ಹಿಡಿದು, ಬಾಗಿಲಲ್ಲಿ’ ಎಂದು ಬರೆದುಕೊಂಡೇ ಮೂರನೇ ಶನಿವಾರಕ್ಕೆ ಹೋದೆ.