ಯೂನಿಫಾರ್ಮ್ ಶರ್ಟಿನ ಮೇಲೆ ಹೋಟೆಲ್ ಶರ್ಟಿನ ಖರ್ಚು

ಒಂದು ಹೊಲಿಗೆ ಕಾರ್ಖಾನೆಯಲ್ಲಿ ಬಟ್ಟೆ ಮತ್ತು ಕೂಲಿಯ ಖರ್ಚು ಯಾವ ಶರ್ಟಿಗೆ ಎಷ್ಟು ಎಂದು ಸುಲಭವಾಗಿ ಹೇಳಬಹುದು. ಕರೆಂಟ್ ಬಿಲ್, ಮಷಿನ್ ರಿಪೇರಿ, ಕಟಿಂಗ್ ಟೇಬಲ್ ಸಿದ್ಧಪಡಿಸುವವರ ಸಂಬಳ, ಬಿಲ್ಲು ಬರೆಯುವವರ ಸಂಬಳ ಇವೆಲ್ಲ ಯಾವ ಶರ್ಟಿನದು? ಇದನ್ನೇ ಓವರ್‌ಹೆಡ್ ಎನ್ನುತ್ತಾರೆ. ಹಳೆಯ ಪದ್ಧತಿಯಲ್ಲಿ ಒಟ್ಟು ಓವರ್‌ಹೆಡ್ ಅನ್ನು ಒಟ್ಟು ಕೂಲಿ ಗಂಟೆಗಳಿಂದ ಭಾಗಿಸಿ ಒಂದೇ ದರ ಮಾಡಿ, ಎಲ್ಲಕ್ಕೂ ಅದನ್ನೇ ಹಾಕುತ್ತಾರೆ. ಇದು ನೋಡಲು ಸಮಾನ, ಆದರೆ ನ್ಯಾಯವಲ್ಲ ಎಂಬುದು ನನ್ನ ಅಭಿಪ್ರಾಯ. ನಮ್ಮ ಮನೆಯ ಉರ್ದುವಿನಲ್ಲಿ 'ಬರಾಬರ್' ಅಂದರೆ ಸಮ ಅಂತಲೂ ಹೌದು, ಸರಿ ಅಂತಲೂ ಹೌದು. ಈ ಲೆಕ್ಕದಲ್ಲಿ ಮಾತ್ರ ಆ ಎರಡು ಅರ್ಥ ಬೇರೆ ಬೇರೆಯಾಗುತ್ತವೆ.

ಲೆಕ್ಕ ಸುಲಭವಾಗಲೆಂದು ನಾನೇ ಕೆಲವು ಅಂಕಿ ಇಟ್ಟುಕೊಂಡಿದ್ದೇನೆ. ಒಂದು ಕಾರ್ಖಾನೆ ತಿಂಗಳಿಗೆ 9,000 ಶಾಲಾ ಯೂನಿಫಾರ್ಮ್ ಶರ್ಟ್ ಹೊಲಿಯುತ್ತದೆ. ಅದು ಬರುವುದು ಬರೀ 10 ಲಾಟ್‌ಗಳಲ್ಲಿ. ಜೊತೆಗೆ ಹೋಟೆಲ್‌ಗಳ ಕೆಲಸಗಾರರಿಗೆಂದು 1,000 ಶರ್ಟ್ ಹೊಲಿಯುತ್ತದೆ. ಪ್ರತಿ ಹೋಟೆಲಿಗೂ ಬೇರೆ ಬಣ್ಣ, ಬೇರೆ ಕಾಲರ್. ಹಾಗಾಗಿ ಅದಕ್ಕೆ 40 ಲಾಟ್. ಯಾವ ಶರ್ಟ್ ಆದರೂ ಹೊಲಿಯಲು ಅರ್ಧ ಗಂಟೆ, ಅಂದರೆ ಒಟ್ಟು 5,000 ಗಂಟೆ. ಓವರ್‌ಹೆಡ್ 2,50,000 ರೂಪಾಯಿ. ಗಂಟೆಗೆ 50 ರೂಪಾಯಿ ಆಯಿತು, ಪ್ರತಿ ಶರ್ಟಿಗೆ 25. ಎರಡಕ್ಕೂ ಒಂದೇ.

ಈಗ ಆ ಎರಡೂವರೆ ಲಕ್ಷ ಯಾಕೆ ಖರ್ಚಾಯಿತು ಎಂದು ಕೇಳೋಣ. ಆ್ಯಕ್ಟಿವಿಟಿ ಬೇಸ್ಡ್ ಕಾಸ್ಟಿಂಗ್ ಮಾಡುವುದು ಇಷ್ಟೇ: ಖರ್ಚನ್ನು ಮೊದಲು ಕೆಲಸಗಳಿಗೆ ಹಂಚಿ, ಆ ಕೆಲಸ ಯಾರಿಗಾಗಿ ಎಷ್ಟು ಸಲ ನಡೆಯಿತು ಎಂದು ಎಣಿಸುವುದು. ಲಾಟ್ ಬದಲಾದಾಗಲೆಲ್ಲ ಪ್ಯಾಟರ್ನ್ ಬದಲಿಸಬೇಕು, ದಾರ ಬದಲಿಸಬೇಕು, ಕಟಿಂಗ್ ಟೇಬಲ್ ಹೊಸದಾಗಿ ಹಾಸಬೇಕು. ಇದಕ್ಕೆ 1,00,000 ಹೋಗುತ್ತದೆ ಎನ್ನಿ. 50 ಲಾಟಿಗೆ ಹಂಚಿದರೆ ಲಾಟಿಗೆ 2,000. ಬಿಲ್ಲು, ಪ್ಯಾಕಿಂಗ್, ಕಳಿಸುವ ಕೆಲಸಕ್ಕೆ 60,000. ಯೂನಿಫಾರ್ಮ್ 12 ಸಲ, ಹೋಟೆಲ್ ಶರ್ಟ್ 48 ಸಲ ಹೋಗಿದೆ, ಆದ್ದರಿಂದ ಸಲಕ್ಕೆ 1,000. ಉಳಿದ 90,000 ಮಷಿನ್ ಓಡಿಸುವ ಖರ್ಚು. ಅದಕ್ಕೆ ಗಂಟೆಯ ದರವೇ ಸರಿ: 18 ರೂಪಾಯಿ. ಹಳೆಯ ಪದ್ಧತಿ ಪೂರ್ತಿ ತಪ್ಪಲ್ಲ, ಈ ಭಾಗಕ್ಕೆ ಅದು ಹೊಂದುತ್ತದೆ.

ಯೂನಿಫಾರ್ಮಿಗೆ 20,000 ಮತ್ತು 12,000 ಮತ್ತು 81,000 ಸೇರಿ 1,13,000. ಒಂದು ಶರ್ಟಿಗೆ ಸುಮಾರು 12.56 ರೂಪಾಯಿ. ಹೋಟೆಲಿಗೆ 80,000, 48,000, 9,000 ಸೇರಿ 1,37,000. ಒಂದು ಶರ್ಟಿಗೆ 137 ರೂಪಾಯಿ! ಎರಡೂ ಕೂಡಿದರೆ ಅದೇ 2,50,000. ಒಂದು ರೂಪಾಯಿಯೂ ಹೆಚ್ಚಾಗಿಲ್ಲ, ಕಡಿಮೆಯಾಗಿಲ್ಲ. ಇಷ್ಟು ದಿನ ಹೋಟೆಲಿನ ಕಾಲರ್ ಬದಲಿಸಿದ ಖರ್ಚನ್ನು ಶಾಲಾ ಮಕ್ಕಳ ತಂದೆ ತಾಯಿ ಕೊಡುತ್ತಿದ್ದರು, ಅಷ್ಟೇ.

ಆದರೆ ಎಷ್ಟು ದಿನ ಕೊಡುತ್ತಾರೆ? ಶಾಲೆಯವರು ಕೊಟೇಶನ್ ಕೇಳಿದಾಗ ಈ ಕಾರ್ಖಾನೆ ಶರ್ಟಿಗೆ 12 ರೂಪಾಯಿ ಹೆಚ್ಚು ಹೇಳುತ್ತದೆ, ಆರ್ಡರ್ ಬೇರೆಯವರಿಗೆ ಹೋಗುತ್ತದೆ. ಹೋಟೆಲ್‌ಗಳು ಮಾತ್ರ ಸಾಲುಗಟ್ಟಿ ಬರುತ್ತವೆ. ದೊಡ್ಡ ಸರಳ ಆರ್ಡರ್ ಕೈತಪ್ಪುತ್ತಾ, ಸಣ್ಣ ಕಷ್ಟದ ಆರ್ಡರ್ ಸುಲಭವಾಗಿ ಸಿಗುತ್ತಿದ್ದರೆ ದರದಲ್ಲಿ ದೋಷವಿದೆ ಎಂದೇ ಅರ್ಥ. 1980ರ ದಶಕದಲ್ಲಿ ರಾಬಿನ್ ಕೂಪರ್ ಮತ್ತು ರಾಬರ್ಟ್ ಕಪ್ಲಾನ್ ಅಮೆರಿಕದ ಕಾರ್ಖಾನೆಗಳಲ್ಲಿ ಇಂಥದ್ದನ್ನೇ ಕಂಡರು. ಟ್ರ್ಯಾಕ್ಟರ್ ಮಾಡುವ ಜಾನ್ ಡಿಯರ್ ಕಂಪನಿಯ ಬಿಡಿಭಾಗ ಘಟಕ ಅವರು ಬರೆದ ಪ್ರಕರಣಗಳಲ್ಲಿ ಒಂದು. ಕೂಲಿಯೇ ದೊಡ್ಡ ಖರ್ಚಾಗಿದ್ದ ಕಾಲದಲ್ಲಿ ಕೂಲಿ ಗಂಟೆಯ ದರ ನಡೆಯುತ್ತಿತ್ತು. ಮಷಿನ್ ಹೆಚ್ಚಿ ಕೂಲಿ ಕಡಿಮೆಯಾದಾಗ, ಆ ಸಣ್ಣ ಕೂಲಿಯ ಮೇಲೆ ದೊಡ್ಡ ಓವರ್‌ಹೆಡ್ ಹೊರಿಸಬೇಕಾಯಿತು.

ಹೊಸ ಪದ್ಧತಿಗೂ ಮಿತಿ ಇದೆ. ಕಟ್ಟಡದ ಬಾಡಿಗೆ ಯಾವ ಲಾಟಿನಿಂದ ಬಂತು? ಯಾವುದರಿಂದಲೂ ಅಲ್ಲ. ಅದನ್ನು ಬಲವಂತವಾಗಿ ಹಂಚಿದರೆ ಹಳೆಯ ತಪ್ಪೇ ಹೊಸ ಹೆಸರಲ್ಲಿ ಬರುತ್ತದೆ. ಒಂದೇ ಬಗೆಯ ಮಾಲು ಮಾಡುವವರಿಗೆ ಇಷ್ಟೆಲ್ಲ ಎಣಿಸುವ ಶ್ರಮವೇ ದಂಡ. ಇನ್ನೊಂದು, 137 ನೋಡಿ ಗಾಬರಿಯಾಗಿ ಹೋಟೆಲ್ ಆರ್ಡರ್ ಬಿಟ್ಟರೆ ಮರುದಿನವೇ 1,37,000 ಉಳಿಯುವುದಿಲ್ಲ. ಟೇಬಲ್ ಹಾಸುವವರು ಸಂಬಳದ ಮೇಲಿದ್ದಾರೆ. ಅವರಿಗೆ ಬೇರೆ ಕೆಲಸ ಕೊಡುವವರೆಗೆ ಆ ಖರ್ಚು ಅಲ್ಲೇ ಇರುತ್ತದೆ.

ನನ್ನ ಪ್ರಕಾರ ಆರ್ಡರ್ ಬಿಡುವುದಕ್ಕಿಂತ, ಲಾಟಿಗೆ 2,000 ರೂಪಾಯಿ ಎಂದು ಬಿಲ್ಲಿನಲ್ಲೇ ಬೇರೆಯಾಗಿ ಬರೆಯುವುದು ಒಳ್ಳೆಯದು. ಈಗ ಹೋಟೆಲಿನ ಲಾಟ್ ಸರಾಸರಿ 25 ಶರ್ಟಿನದು, ಅಂದರೆ ಲಾಟ್ ಬದಲಿಸುವ ಖರ್ಚು ಶರ್ಟಿಗೆ 80 ರೂಪಾಯಿ. ಅದು ಕಣ್ಣಿಗೆ ಕಂಡರೆ ಹೋಟೆಲಿನವರೇ 100 ಶರ್ಟ್ ಒಟ್ಟಿಗೆ ಕೇಳಬಹುದು. ಆಗ ಅದು 20 ರೂಪಾಯಿಗೆ ಇಳಿಯುತ್ತದೆ.