ಪೋಸ್ಟರಿನ ಆರೂವರೆ, ಕಾರ್ಕಿನ ಮಗ್ರಿಬ್

ಹಾಲಿಹಿಲ್‌ನಲ್ಲಿ ನಮ್ಮವರು ಊಟ ತರುವ ಒಂದು ಹೋಟೆಲಿನವರು ರಮಝಾನ್‌ಗೆ ಪೋಸ್ಟರ್ ಮಾಡಬೇಕು, ಒಮ್ಮೆ ನೋಡಿಕೊಡಿ ಅಂತ ನಮಗೆ ಕರಡು ಕಳಿಸಿದ್ದರು. ಚಿತ್ರ ಚೆನ್ನಾಗಿತ್ತು. ಕೆಳಗೆ ದೊಡ್ಡ ಅಕ್ಷರದಲ್ಲಿ "ಇಫ್ತಾರ್ ಸಂಜೆ 6:30ಕ್ಕೆ" ಅಂತ ಇತ್ತು. ತೊಂದರೆ ಇದ್ದದ್ದು ಆ ಸಾಲಿನಲ್ಲೇ.

ಊರಲ್ಲಿ ಹೀಗೆ ಬರೆದರೆ ಅಷ್ಟೇನೂ ಕೆಡುವುದಿಲ್ಲ. ಮಾರ್ಚ್ ತಿಂಗಳಿಡೀ ಮಂಗಳೂರಿನಲ್ಲಿ ಸೂರ್ಯಾಸ್ತ ಸರಿಯುವುದು ಸುಮಾರು ಎರಡು ಮೂರು ನಿಮಿಷ ಮಾತ್ರ. ಇಲ್ಲಿ ಹಾಗಲ್ಲ. 2025ರ ನೋಂಬು ಮಾರ್ಚ್ 1ಕ್ಕೆ ಶುರುವಾದಾಗ ಕಾರ್ಕಿನಲ್ಲಿ ಸೂರ್ಯ ಮುಳುಗಿದ್ದು 6:13ರ ಹೊತ್ತಿಗೆ; 29ಕ್ಕೆ ಅದು 7 ಗಂಟೆ ಮುಟ್ಟಿತ್ತು. ಆರೂವರೆ ಸರಿಯಾಗುವುದು ಮಾರ್ಚ್ 11ರ ಆಸುಪಾಸಿನ ಒಂದೆರಡು ದಿನ. ಅದಕ್ಕೆ ಮೊದಲು ಬರೀ ತಡ, ಹಸಿದವರು ಕಾಯುತ್ತಾರೆ ಅಷ್ಟೇ. ನಂತರ? ಪೋಸ್ಟರ್ ನಂಬಿದವನ ನೋಂಬು ಹೊತ್ತಿಗೆ ಮೊದಲೇ, ಕೊನೆಕೊನೆಗೆ ಅರ್ಧ ಗಂಟೆ ಮೊದಲೇ ಮುರಿದುಹೋಗುತ್ತದೆ.

ಡಬ್ಲಿನ್ ವೇಳಾಪಟ್ಟಿ ನೋಡಿ ಹಾಕಿದರೂ ಸಾಲದು. ಕಾರ್ಕ್ ಪಶ್ಚಿಮಕ್ಕಿರುವುದರಿಂದ ಇಲ್ಲಿ ಸೂರ್ಯ ಒಂಬತ್ತು ಹತ್ತು ನಿಮಿಷ ತಡವಾಗಿ ಮುಳುಗುತ್ತಾನೆ.

ಹಾಗಾಗಿ ನೋಂಬು ಬಿಡುವ ಹೊತ್ತನ್ನು ಹೋಟೆಲ್ ಹೇಳುವುದೇ ಬೇಡ, ಪ್ಯಾಕ್ ಸಿಗುವ ಹೊತ್ತನ್ನು ಮಾತ್ರ ಹೇಳಲಿ ಎಂಬುದು ನಮ್ಮ ಅಭಿಪ್ರಾಯ. ನಾವು ಬರೆದುಕೊಟ್ಟ ಸಾಲು ಇದು: "ಇಫ್ತಾರ್ ಪ್ಯಾಕ್ ಮಗ್ರಿಬ್‌ಗೆ 45 ನಿಮಿಷ ಮೊದಲಿನಿಂದ ಸಿಗುತ್ತದೆ. ಇಂದಿನ ಕಾರ್ಕ್ ಮಗ್ರಿಬ್: ____. ದಯವಿಟ್ಟು ನಿಮ್ಮ ಮಸೀದಿಯ ವೇಳಾಪಟ್ಟಿ ನೋಡಿಕೊಳ್ಳಿ. ನೋಂಬು ಇಲ್ಲದವರಿಗೂ ಸ್ವಾಗತ." ಖಾಲಿ ಜಾಗವನ್ನು ದಿನಾ ಮಧ್ಯಾಹ್ನ ಸೀಮೆಸುಣ್ಣದಲ್ಲಿ ತುಂಬಿದರಾಯಿತು. "ಬೇಗ ಬನ್ನಿ, ಖಾಲಿಯಾಗುತ್ತೆ" ಅನ್ನುವ ಸಾಲನ್ನು ತೆಗೆಸಿದೆವು. ನೋಂಬು ಹಿಡಿದವನನ್ನು ಓಡಿಸುವುದು ಯಾವ ವ್ಯಾಪಾರ? ಬದಲಿಗೆ ಮಧ್ಯಾಹ್ನ 2ರೊಳಗೆ ಫೋನ್ ಮಾಡಿ ಹೇಳಿಡಿ ಅಂತ ಹಾಕಿಸಿದೆವು. ಎಷ್ಟು ಪ್ಯಾಕ್ ಅಂತ ಮೊದಲೇ ಗೊತ್ತಾದರೆ ಉಳಿದು ಚೆಲ್ಲುವುದೂ ಇಲ್ಲ. ಲೆಕ್ಕ ಬರೆಯುವ ನಮ್ಮ ಕಣ್ಣಿಗೆ ಮೊದಲು ಬಿದ್ದದ್ದೇ ಅದು.

ಪ್ಯಾಕಿನ ಬಗ್ಗೆಯೂ ಒಂದು ಮಾತು. ಕೆಲಸ ಬಿಟ್ಟು ಬರುವವರಲ್ಲಿ ಕೆಲವರಿಗೆ ಮಗ್ರಿಬ್ ಆಗುವುದು ಬಸ್ಸಿನಲ್ಲೇ. ಖರ್ಜೂರ, ನೀರು ಮೇಲೆ ಬೇರೆಯಾಗಿದ್ದರೆ ಇಡೀ ಡಬ್ಬಿ ಬಿಚ್ಚಬೇಕಾಗಿಲ್ಲ. ಬಿಸಿ ಗಂಜಿಯ ಜೊತೆ ಒಂದೇ ಡಬ್ಬಿಯಲ್ಲಿ ಸಮೋಸ ಇಟ್ಟರೆ ಹಬೆಗೆ ಅದು ಮೆತ್ತಗಾಗುತ್ತದೆ, ಅದಕ್ಕೆ ಕಾಗದದ ಚೀಲವೇ ಸರಿ. ಗಂಜಿಯನ್ನು ಕೊಡುವ ತನಕ 63 ಡಿಗ್ರಿಗಿಂತ ಕಡಿಮೆಯಾಗದಂತೆ ಬಿಸಿಯಾಗಿಡಬೇಕು. ಗೋಧಿ, ಹಾಲು, ಗೋಡಂಬಿ ಮುಂತಾದ ಅಲರ್ಜಿ ತರುವ ಪದಾರ್ಥ ಯಾವುದರಲ್ಲಿದೆ ಎಂಬುದನ್ನು ಬರೆದೇ ತೋರಿಸಬೇಕು. ಬಾಯಲ್ಲಿ ಹೇಳಿದರೆ ಐರ್ಲೆಂಡಿನ ಕಾನೂನಿಗೆ ಸಾಲದು.

ಹೋಟೆಲಿನವರು ಎಲ್ಲಾ ಒಪ್ಪಿದರು, ಸೀಮೆಸುಣ್ಣ ಮಾತ್ರ ಬೇಡವಂತೆ. ಮಳೆಗೆ ಅಳಿಸಿಹೋಗುತ್ತೆ, ಹಲಗೆಯನ್ನು ಗಾಜಿನ ಒಳಗೆ ಇಡ್ತೇವೆ ಅಂದರು.