ಬಲಗಡೆ ಯಾರಿದ್ದಾರೆ?

ಹಂಪಾಪುರದ ಕಡೆ ಬೈಕಲ್ಲಿ ಹೋಗಿರೋರಿಗೆ ಗೊತ್ತಿರುತ್ತೆ, ಮೈಸೂರು–ಎಚ್.ಡಿ. ಕೋಟೆ ಮೇನ್ ರೋಡ್ ಬಿಟ್ಟು ಒಳಗೆ ತಿರುಗಿದರೆ ಹೊಲಗಳ ಮಧ್ಯೆ ಊರಿಂದೂರಿಗೆ ಹೋಗೋ ರಸ್ತೆಗಳು ಸಿಗುತ್ತವೆ. ಇಂಥ ಎರಡು ರಸ್ತೆ ಅಡ್ಡ ಹಾಯೋ ಕಡೆ ಸಿಗ್ನಲ್ ಇರಲ್ಲ, ಪೊಲೀಸ್ ಇರಲ್ಲ, ಎಷ್ಟೋ ಕಡೆ ಒಂದು ಬಿಳಿ ಗೆರೆ ಕೂಡ ಇರಲ್ಲ. ಅಲ್ಲಿ ಮೊದಲು ಯಾರು ಹೋಗಬೇಕು ಅಂತ ಕೇಳಿದರೆ ನಮ್ಮ ಕ್ಲಾಸಲ್ಲೇ ಮೂರು ಉತ್ತರ ಬಂದವು: ದೊಡ್ಡ ಗಾಡಿ, ಮೊದಲು ಬಂದವನು, ಮೊದಲು ಹಾರ್ನ್ ಹೊಡೆದವನು. ಕಾನೂನಿನಲ್ಲಿ ಈ ಮೂರೂ ಇಲ್ಲ.

1989ರ ರಸ್ತೆ ನಿಯಮಗಳಲ್ಲಿ ಇದಕ್ಕೆ ಎರಡು ಪುಟ್ಟ ನಿಯಮ ಇದ್ದವು. ಎಂಟನೆಯದು, ಕೂಡುರಸ್ತೆ ಹತ್ತಿರ ಬಂದಾಗ ನಿಧಾನ ಮಾಡು, ಯಾರಿಗೂ ಅಪಾಯ ಆಗಲ್ಲ ಅಂತ ಗೊತ್ತಾಗೋ ತನಕ ಒಳಗೆ ನುಗ್ಗಬೇಡ ಅನ್ನುತ್ತೆ. ಒಂಬತ್ತನೆಯದು, ನೀನು ಸೇರುತ್ತಿರೋದು ಮುಖ್ಯರಸ್ತೆ ಅಂತ ಗುರುತಿಸಿದ ರಸ್ತೆಯಾದರೆ ಅದರ ಮೇಲೆ ಬರೋರಿಗೆ ದಾರಿ ಬಿಡು, ಇಲ್ಲದಿದ್ದರೆ ನಿನ್ನ ಬಲಗಡೆಯಿಂದ ಬರೋ ಎಲ್ಲರಿಗೂ ದಾರಿ ಬಿಡು ಅನ್ನುತ್ತೆ. 2017ರಲ್ಲಿ ಇದರ ಜಾಗಕ್ಕೆ ಹೊಸ ಚಾಲನಾ ನಿಯಮಗಳು ಬಂದವು, ಆದರೂ ಬಲಗಡೆಯವರಿಗೆ ದಾರಿ ಅನ್ನೋ ತಿರುಳು ಹಾಗೇ ಇದೆ. ಎಲ್ಎಲ್ ಟೆಸ್ಟಿಗೆ ಓದೋವಾಗ ಈ ಸಾಲು ಕಣ್ಣಿಗೆ ಬಿದ್ದಿರಬಹುದು. ಬಾಯಿಪಾಠ ಮಾಡಿ ಮರೆತಿರ್ತೀವಿ, ಯಾಕಂದ್ರೆ ಬಲಗಡೆಯೇ ಯಾಕೆ ಅಂತ ಯಾರೂ ಹೇಳಿಕೊಡಲ್ಲ. ನಮ್ಮ ವಾದ ಇಷ್ಟೇ: ಇದು ಬಾಯಿಪಾಠದ ವಿಷಯ ಅಲ್ಲ, ಹಾಳೆ ಮೇಲೆ ಒಂದು ಪ್ಲಸ್ ಗುರುತು ಹಾಕಿದರೆ ತಾನಾಗೇ ಬಿಡಿಸಿಕೊಳ್ಳೋ ಲೆಕ್ಕ.

ಹಾಕಿ ನೋಡಿ. ನಾವು ದಕ್ಷಿಣದಿಂದ ಉತ್ತರಕ್ಕೆ ಹೊರಟಿದ್ದೀವಿ. ಎಡಕ್ಕೇ ಓಡಿಸೋದರಿಂದ ನಮ್ಮ ಪಾಲು ರಸ್ತೆಯ ಪಶ್ಚಿಮದ ಅರ್ಧ. ಬಲಗಡೆಯಿಂದ, ಅಂದ್ರೆ ಪೂರ್ವದಿಂದ, ಒಂದು ಟ್ರ್ಯಾಕ್ಟರ್ ಪಶ್ಚಿಮಕ್ಕೆ ಬರ್ತಿದೆ. ಅದೂ ತನ್ನ ಎಡಕ್ಕಿರೋದರಿಂದ ಅದರ ಪಾಲು ದಕ್ಷಿಣದ ಅರ್ಧ. ಇಬ್ಬರ ದಾರಿ ಸೇರೋ ಜಾಗ ಚೌಕದ ನೈಋತ್ಯ ಮೂಲೆ. ನಮಗೆ ಅದು ಬಾಗಿಲಲ್ಲೇ ಇದೆ. ಟ್ರ್ಯಾಕ್ಟರ್ ಅಲ್ಲಿಗೆ ಬರಬೇಕಾದರೆ ಆಗಲೇ ಅರ್ಧ ಚೌಕ ದಾಟಿರಬೇಕು. ಅಂದಮೇಲೆ ಟ್ರ್ಯಾಕ್ಟರ್ ನಿಂತರೆ ಟ್ರೇಲರ್ ಸಮೇತ ನಡುರಸ್ತೆಯಲ್ಲಿ ಸಿಕ್ಕಿಹಾಕಿಕೊಳ್ಳುತ್ತೆ, ನಾವು ನಿಂತರೆ ಚೌಕದ ಹೊರಗೇ ನಿಲ್ತೀವಿ. ಹೊರಗಿರೋನು ಕಾಯಲಿ, ಒಳಗಿರೋನು ಖಾಲಿ ಮಾಡಲಿ. ಬಲಗಡೆಗೆ ದಾರಿ ಕೊಡೋದು ಮರ್ಯಾದೆ ಪ್ರಶ್ನೆ ಅಲ್ಲ, ಜ್ಯಾಮಿತಿ. ಮೈಸೂರಿನ ಹಾರ್ಡಿಂಜ್ ಸರ್ಕಲ್‌ನಂಥ ವೃತ್ತಕ್ಕೆ ಹೊರಗಿಂದ ಬರೋವಾಗಲೂ ಇದೇ ಕಥೆ: ಒಳಗೆ ಸುತ್ತುತ್ತಿರೋ ಗಾಡಿ ನಮ್ಮ ಬಲದಿಂದಲೇ ಬರುತ್ತೆ. ಫ್ರಾನ್ಸಿನಲ್ಲಿ ಗಾಡಿ ಬಲಕ್ಕೆ ಓಡಿಸ್ತಾರೆ, ಅಲ್ಲೂ ಬಲಗಡೆಯವರಿಗೇ ದಾರಿ ಅನ್ನೋ ಹಳೇ ನಿಯಮ ಇದೆ. ಚಿತ್ರ ಕನ್ನಡಿಯಲ್ಲಿ ತಿರುಗಿಸಿ ನೋಡಿ, ಅಲ್ಲಿ ಒಳಗೆ ಹೋದವನೇ ಕಾಯಬೇಕಾಗುತ್ತೆ! ಎಡಕ್ಕೆ ಓಡಿಸೋ ನಮಗೆ ನಿಯಮ ಸರಿಯಾಗಿ ಕೂತಿದೆ.

ಈಗ ಮೂರನೇ ಗಾಡಿ ತರೋಣ. ಉತ್ತರದಿಂದ ಹಾಲಿನ ಟೆಂಪೊ ಬರ್ತಿದೆ, ನೇರ ದಕ್ಷಿಣಕ್ಕೆ ಹೋಗಬೇಕು. ಪ್ರತಿಯೊಬ್ಬರಿಗೂ ಒಂದೇ ಪ್ರಶ್ನೆ: ನಿನ್ನ ಬಲಗಡೆ ಯಾರಿದ್ದಾರೆ? ನಮ್ಮ ಬಲಕ್ಕೆ ಟ್ರ್ಯಾಕ್ಟರ್. ಟ್ರ್ಯಾಕ್ಟರಿನ ಬಲಕ್ಕೆ ಟೆಂಪೊ. ಟೆಂಪೊದ ಬಲ ಪಶ್ಚಿಮ, ಅಲ್ಲಿ ಯಾರೂ ಇಲ್ಲ. ಹಾಗಾಗಿ ಟೆಂಪೊ, ಆಮೇಲೆ ಟ್ರ್ಯಾಕ್ಟರ್, ಕೊನೆಗೆ ನಾವು. ಡೇಟಾ ಸ್ಟ್ರಕ್ಚರ್ಸ್ ಓದಿರೋರಿಗೆ ಇದು ಟೊಪೊಲಾಜಿಕಲ್ ಸಾರ್ಟ್ ಅಂತ ಹೊಳೆದಿರುತ್ತೆ.

ಅಷ್ಟರಲ್ಲಿ ಟೆಂಪೊದವರು ಬಲಕ್ಕೆ ಇಂಡಿಕೇಟರ್ ಹಾಕ್ತಾರೆ, ಪಶ್ಚಿಮದ ರಸ್ತೆಗೆ ತಿರುಗಬೇಕಂತೆ. ಈಗ ಅವರು ನಮ್ಮ ದಾರಿಗೆ ಅಡ್ಡ ಹಾಯಬೇಕು, ಮತ್ತು ಬಲಕ್ಕೆ ತಿರುಗೋನು ಎದುರಿಂದ ನೇರ ಬರೋನಿಗೆ ದಾರಿ ಬಿಡಬೇಕು. ಸರಪಳಿ ಹೋಗಿ ಬಳೆ ಆಯ್ತು: ನಾವು ಟ್ರ್ಯಾಕ್ಟರಿಗೆ ಕಾಯ್ತೀವಿ, ಟ್ರ್ಯಾಕ್ಟರ್ ಟೆಂಪೊಗೆ ಕಾಯುತ್ತೆ, ಟೆಂಪೊ ನಮಗೆ ಕಾಯುತ್ತೆ. ಒಂದು ಮಿಣುಕು ದೀಪಕ್ಕೆ ಇಡೀ ಉತ್ತರ ಬದಲಾಯ್ತು. ಪಶ್ಚಿಮದಿಂದ ನೇರ ಹೋಗೋ ಎತ್ತಿನಗಾಡಿಯೊಂದು ಬಂದು ನಾಲ್ಕೂ ದಿಕ್ಕು ತುಂಬಿದರೆ ಇಂಡಿಕೇಟರ್ ಇಲ್ಲದೆಯೂ ಬಳೆ ಕೂಡಿಕೊಳ್ಳುತ್ತೆ. ಅಂದಹಾಗೆ ‘ಎಲ್ಲರಿಗೂ’ ಅಂದ್ರೆ ಎತ್ತಿನಗಾಡಿಗೂ, ಸೈಕಲ್ಲಿಗೂ ಸೇರಿ.

ಆಪರೇಟಿಂಗ್ ಸಿಸ್ಟಮ್ಸ್‌ನಲ್ಲಿ ಇದಕ್ಕೆ ಡೆಡ್‌ಲಾಕ್ ಅಂತಾರೆ. ನಿಯಮದ ಒಳಗೆ ಇದಕ್ಕೆ ಉತ್ತರ ಇಲ್ಲ, ಯಾರಾದರೂ ತಮ್ಮ ಹಕ್ಕು ಬಿಡಬೇಕು. ಯಾರು ಬಿಟ್ಟರೆ ನಷ್ಟ ಕಮ್ಮಿ? ನಮ್ಮ ಮೂರು ಗಾಡಿಯ ಬಳೆಯಲ್ಲಿ ಟೆಂಪೊ. ಹೇಗಿದ್ದರೂ ನಾವು ದಾಟೋ ತನಕ ಅದು ಕಾಯಲೇಬೇಕು, ಆ ಹೊತ್ತಲ್ಲಿ ಟ್ರ್ಯಾಕ್ಟರನ್ನೂ ಬಿಟ್ಟುಬಿಡಲಿ. ಟ್ರ್ಯಾಕ್ಟರ್, ನಾವು, ಟೆಂಪೊ, ಮುಗೀತು. ಇಲ್ಲಿ ಒಂದು ಎಚ್ಚರ: ಟೆಂಪೊದವರು ಕೈ ಬೀಸಿ ‘ಹೋಗ್ರಪ್ಪಾ’ ಅಂತ ನಮಗೆ ಹೇಳಿದರೆ ಅದು ಅವರ ಮಾತು ಮಾತ್ರ. ಟ್ರ್ಯಾಕ್ಟರಿನ ಪಾಲಿನ ಹಕ್ಕನ್ನ ಅವರು ಬಿಟ್ಟುಕೊಡಕ್ಕಾಗಲ್ಲ. ಡಿಪ್ಪರ್ ಅಂತೂ ಇನ್ನೂ ಕಷ್ಟ. ಕೆಲವರಿಗೆ ಅದು ‘ನೀ ಹೋಗು’, ನಮ್ಮ ರಸ್ತೆಗಳಲ್ಲಿ ಬಹಳ ಜನಕ್ಕೆ ‘ನಾ ಬಂದೆ’.

‘ದೊಡ್ಡದು ಮೊದಲು’ ಅನ್ನೋರಿಗೆ ನಮ್ಮ ಪ್ರಶ್ನೆ: ಎರಡೂ ಬೈಕಾದರೆ? ಆ ಪದ್ಧತಿಗೆ ಉತ್ತರ ಇಲ್ಲ. ಧೈರ್ಯ ಜಾಸ್ತಿ ಇರೋನು ನುಗ್ಗುತ್ತಾನೆ, ಇಬ್ಬರಿಗೂ ಧೈರ್ಯ ಇದ್ದರೆ ಆಸ್ಪತ್ರೆ.

ಹಾಗಂತ ಬಲಗಡೆ ನಿಯಮ ಎಲ್ಲಾ ಕಡೆ ನಡೆಯಲ್ಲ. ಒಳರಸ್ತೆಯಿಂದ ಕೋಟೆ ಮೇನ್ ರೋಡಿಗೆ ಬರೋವಾಗ ಎಡ-ಬಲ ಲೆಕ್ಕವೇ ಬೇಡ, ಎರಡೂ ಕಡೆ ಬಿಡಬೇಕು. ಮೇನ್ ರೋಡಲ್ಲಿರೋ ಬಸ್ ಡ್ರೈವರ್ ‘ನನ್ನ ಬಲಗಡೆ ಬೈಕಿದೆ’ ಅಂತ ಬ್ರೇಕ್ ಹಾಕ್ತಾರೆ ಅಂದುಕೊಂಡರೆ ಕೆಟ್ಟೆವು. ಇನ್ನು ಸೈರನ್ ಹಾಕಿದ ಆಂಬುಲೆನ್ಸ್, ಫೈರ್ ಇಂಜಿನ್ ಬಂದರೆ ಯಾವ ದಿಕ್ಕಾದರೂ ಅವರೇ ಮೊದಲು.

ದೊಡ್ಡ ತೊಂದರೆ ಬೇರೆ ಇದೆ. ಬಲಗಡೆ ಯಾರಿದ್ದಾರೆ ಅಂತ ಕಾಣಬೇಕಲ್ಲ? ಮೂಲೆ ಹೊಲದಲ್ಲಿ ಮುಸುಕಿನ ಜೋಳ ಆಳೆತ್ತರ ಬೆಳೆದಾಗ ಅಡ್ಡರಸ್ತೆ ಕಾಣೋದೇ ಚೌಕಕ್ಕೆ ಹದಿನೈದು ಮೀಟರ್ ಇದ್ದಾಗ ಅಂದುಕೊಳ್ಳಿ. ಸಿವಿಲ್‌ನವರು ಲೆಕ್ಕ ಹಾಕೋ ಹಾಗೆ, ಕಂಡಿದ್ದಕ್ಕೂ ಬ್ರೇಕ್ ಒತ್ತೋದಕ್ಕೂ ಮಧ್ಯೆ 2.5 ಸೆಕೆಂಡ್ ಇಟ್ಟುಕೊಂಡರೆ, ಗಂಟೆಗೆ 40 ಕಿ.ಮೀ. ವೇಗದಲ್ಲಿ ಅಷ್ಟರಲ್ಲೇ 28 ಮೀಟರ್ ಹೋಗಿರ್ತೀವಿ, ಬ್ರೇಕಿಂಗ್ ಸೇರಿಸಿದರೆ ಸುಮಾರು 45. ಅಂದ್ರೆ ಬ್ರೇಕ್ ಮುಟ್ಟೋ ಮೊದಲೇ ಚೌಕ ದಾಟಿ ಆಗಿರುತ್ತೆ. ಗಂಟೆಗೆ 20ರಲ್ಲೂ ನಿಲ್ಲೋಕೆ 18 ಮೀಟರ್ ಬೇಕು. 15ಕ್ಕೆ ಇಳಿಸಿದರೆ 13 ಮೀಟರಲ್ಲಿ ನಿಲ್ಲಬಹುದು. ಆ ಮೂಲೆಯಲ್ಲಿ ಎಂಟನೇ ನಿಯಮದ ‘ನಿಧಾನ’ಕ್ಕೆ ಅರ್ಥ ಗಂಟೆಗೆ ಹದಿನೈದು ಕಿಲೋಮೀಟರ್. ಅದಕ್ಕಿಂತ ಜೋರಾಗಿ ಬಂದರೆ ಒಂಬತ್ತನೇ ನಿಯಮ ಗೊತ್ತಿದ್ದೂ ಉಪಯೋಗ ಇಲ್ಲ.

ಅದಕ್ಕೇ ‘ಹಂಪ್ ಹಾಕಿಸಿ’ ಅಂತ ಎಲ್ಲರೂ ಕೇಳೋದನ್ನ ನಾವು ಪೂರ್ತಿ ಒಪ್ಪಲ್ಲ. ಹಂಪ್ ವೇಗ ಇಳಿಸುತ್ತೆ, ನಿಜ. ಮೊದಲು ಯಾರು ಅಂತ ಹೇಳಲ್ಲ. ಎರಡರಲ್ಲಿ ಕಮ್ಮಿ ಓಡಾಟದ ರಸ್ತೆಗೆ ಅಡ್ಡಲಾಗಿ ಒಂದು ನಿಲುಗಡೆ ಗೆರೆ, ಪಕ್ಕದಲ್ಲಿ ‘ದಾರಿ ಬಿಡಿ’ ಅನ್ನೋ ತಲೆಕೆಳಗಾದ ತ್ರಿಕೋನದ ಬೋರ್ಡ್ ಇಟ್ಟರೆ ಎದುರುಬದುರು ಇಬ್ಬರು ಕಾಯ್ತಾರೆ, ಇನ್ನಿಬ್ಬರು ಹೋಗ್ತಾರೆ, ನಾಲ್ಕು ಗಾಡಿಯ ಬಳೆ ಕೂಡಿಕೊಳ್ಳೋದೇ ಇಲ್ಲ. ಮೂಲೆಯ ಜೋಳವನ್ನ ರಸ್ತೆಯಿಂದ ಒಂದೆರಡು ಸಾಲು ಹಿಂದೆ ಬಿತ್ತೋಕೆ ಹೊಲದವರನ್ನ ಒಪ್ಪಿಸೋದು ಬೋರ್ಡಿಗಿಂತ ಕಷ್ಟದ ಕೆಲಸ, ಯಾಕಂದ್ರೆ ಆ ಸಾಲಿನ ಬೆಳೆಯ ದುಡ್ಡು ಯಾರು ಕೊಡ್ತಾರೆ ಅಂತ ಅವರು ಕೇಳ್ತಾರೆ, ಕೇಳಬೇಕಾದ್ದೇ.